ಆ ‘ನಾವು’ ಅಂದ್ರೆ ಯಾರು?

ಮೊನ್ನೆ ಒಂದು ವಿಚಾರ ಸಂಕಿರಣದಲ್ಲಿ ಪ್ರಾಧ್ಯಾಪಕರೊಬ್ಬರು ಹೇಳಿದರು: “ಕಾನೂನು ಮಾಡಿದವರು ನಾವೇ. ನಾವೇ ಮಾಡಿದ್ದಕ್ಕೆ ತಲೆಬಾಗೋದು ಗುಲಾಮಗಿರಿಯಲ್ಲ, ಅದೇ ಸ್ವಾತಂತ್ರ್ಯ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬಸ್ಸಲ್ಲಿ ವಾಪಸ್ ಬರುವಾಗ ಆ ‘ನಾವು’ ಅನ್ನೋ ಪದ ಚುಚ್ಚೋಕೆ ಶುರುವಾಯ್ತು.

ಈ ವಾದ ರೂಸೋದು, 1762ರ ‘ಸಾಮಾಜಿಕ ಒಪ್ಪಂದ’ ಪುಸ್ತಕದ್ದು. ಅದನ್ನ ಅರ್ಧ ಮಾತ್ರ ಹೇಳಿದರೆ ಮೋಸವಾಗುತ್ತೆ. ಹೆಚ್ಚು ಕೈ ಎತ್ತಿದ್ದೆಲ್ಲ ‘ಸಾಮಾನ್ಯ ಇಚ್ಛೆ’ ಅಂತ ರೂಸೋ ಹೇಳಲಿಲ್ಲ. ಒಬ್ಬೊಬ್ಬರ ಸ್ವಾರ್ಥ ಕೂಡಿಸಿದರೆ ಬರೋದು ಬೇರೆ, ಎಲ್ಲರ ಹಿತ ನೋಡೋ ಇಚ್ಛೆ ಬೇರೆ ಅಂದ. ಕಾನೂನಿಗೆ ಎರಡು ಷರತ್ತು ಹಾಕಿದ: ಅದು ಎಲ್ಲರಿಂದ ಬರಬೇಕು, ಎಲ್ಲರ ಮೇಲೂ ಬೀಳಬೇಕು. ಓಟು ಹಾಕೋನೇ ಆ ಭಾರ ಹೊರಬೇಕಾದಾಗ ಯಾರೂ ಅದನ್ನ ಸುಮ್ಮಸುಮ್ಮನೆ ಹೆಚ್ಚಿಸಲ್ಲ ಅನ್ನೋದು ಅವನ ಲೆಕ್ಕ. ಒಬ್ಬರನ್ನೋ ಒಂದು ಗುಂಪನ್ನೋ ಗುರಿ ಮಾಡಿದರೆ ಅದು ಕಾನೂನಲ್ಲ, ಬರೀ ಆಜ್ಞೆ.

ಒಳ್ಳೆ ಷರತ್ತುಗಳೇ. ಆದ್ರೆ ಅದೇ ಪುಸ್ತಕದ ಒಂದು ಅಡಿಟಿಪ್ಪಣಿಯಲ್ಲಿ ಅವನ ಹುಟ್ಟೂರು ಜಿನೀವಾ ಬರುತ್ತೆ. ಊರಲ್ಲಿ ನಾಲ್ಕು ದರ್ಜೆ ಜನ, ವಿದೇಶೀಯರನ್ನೂ ಸೇರಿಸಿದರೆ ಐದು, ಗಣರಾಜ್ಯ ಆಗೋದು ಅದರಲ್ಲಿ ಎರಡೇ ದರ್ಜೆ ಸೇರಿ. ಅಲ್ಲೇ ಹುಟ್ಟಿ ಬೆಳೆದ ‘ನಾತಿಫ್’ ಅನ್ನೋರಿಗೂ ಓಟು ಇರಲಿಲ್ಲ, ಕಾನೂನು ಮಾತ್ರ ಇತ್ತು. ರೂಸೋ ಇದನ್ನ ಒಂದು ವಾಸ್ತವ ಅನ್ನೋ ಹಾಗೆ ಬರೆದು ಮುಂದೆ ಹೋಗ್ತಾನೆ. ‘ಎಲ್ಲರು’ ಅನ್ನೋ ಪದ ಅಲ್ಲೇ ಬಿರುಕು ಬಿಟ್ಟಿತ್ತು.

ನಮ್ಮ ಕಡೆ ಈ ಬಿರುಕು ಕಣ್ಣಿಗೆ ರಾಚಿದ್ದು ಮಹಾಡ್‌ನಲ್ಲಿ. 1923ರಲ್ಲಿ ಬಾಂಬೆ ಶಾಸನ ಪರಿಷತ್ತು ಸಾರ್ವಜನಿಕ ನೀರಿನ ಜಾಗಗಳನ್ನ ಅಸ್ಪೃಶ್ಯರಿಗೂ ತೆರೀಬೇಕು ಅಂತ ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ನಗರಸಭೆ ಚವದಾರ್ ಕೆರೆಯನ್ನ ತೆರೆದಿದ್ದೇವೆ ಅಂತ ಒಪ್ಪಿಕೊಂಡಿತು. ಕಾಗದದ ಮೇಲೆ ಕೆರೆ ನಮ್ಮದೂ ಆಯ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಅವತ್ತೇ ನಮ್ಮವರ ಮೇಲೆ ಹಲ್ಲೆ ಆಯ್ತು, ಆಮೇಲೆ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಆಗಸ್ಟ್‌ನಲ್ಲಿ ನಗರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು.

ರೂಸೋನ ಅಳತೆಗೋಲು ಇಲ್ಲಿಟ್ಟು ನೋಡಿ. ವಾಪಸ್ ತಗೊಂಡ ನಿರ್ಣಯ ಯಾರ ಮೇಲೆ ಬಿತ್ತು? ಕೈ ಎತ್ತಿದವರ ಮನೆಗೆ ನೀರು ಒಂದು ಕೊಡವೂ ಕಮ್ಮಿಯಾಗಲಿಲ್ಲ. ಭಾರ ಬಿದ್ದದ್ದು ನಮ್ಮ ತಲೆ ಮೇಲೆ ಮಾತ್ರ. ಅಂದ್ಮೇಲೆ ರೂಸೋನ ಪ್ರಕಾರವೇ ಅದು ಸಾಮಾನ್ಯ ಇಚ್ಛೆಯಲ್ಲ, ಒಂದು ಗುಂಪಿನ ಇಚ್ಛೆಗೆ ಹೊಡೆದ ನಗರಸಭೆ ಸೀಲು.

ರೂಸೋ ಇನ್ನೊಂದು ಮಾತೂ ಹೇಳ್ತಾನೆ: ಓಟಲ್ಲಿ ಸೋತವನು ಸಾಮಾನ್ಯ ಇಚ್ಛೆ ಏನು ಅನ್ನೋದನ್ನ ತಪ್ಪಾಗಿ ಊಹಿಸಿದ್ದ ಅಂತ. ಇವತ್ತು ಸೋತವನು ನಾಳೆ ಗೆಲ್ಲಬಹುದಾದ ಕಡೆ ಈ ಮಾತು ನಡೆಯುತ್ತೆ. ಸೋಲು ಹುಟ್ಟಿನಿಂದಲೇ ಬಂದಿದ್ದರೆ? ಅಂಬೇಡ್ಕರ್ 1955ರಲ್ಲಿ ಇದನ್ನೇ ಬಿಡಿಸಿ ಹೇಳಿದರು. ರಾಜಕೀಯ ಬಹುಮತ ಬದಲಾಗುತ್ತೆ, ಅದರೊಳಗೆ ಯಾರು ಬೇಕಾದರೂ ಸೇರಬಹುದು. ಕೋಮು ಬಹುಮತ ಹುಟ್ಟಿನದು, ಅದರ ಬಾಗಿಲು ನಮಗೆ ಮುಚ್ಚಿರುತ್ತೆ. ಅಂಥ ಬಹುಮತದ ಎದುರು ಸೋತವನಿಗೆ “ನೀನು ತಪ್ಪು ತಿಳಿದಿದ್ದೆ” ಅನ್ನೋದು ಗಾಯಕ್ಕೆ ಉಪ್ಪು ಸವರಿದ ಹಾಗೆ.

ಹಾಗಾದ್ರೆ ಪಾಲಿಸಲೇಬಾರದಾ? ಮಹಾಡ್‌ನ ಎರಡನೇ ಭಾಗ ನೋಡಿ. ಅದೇ ಡಿಸೆಂಬರ್‌ನಲ್ಲಿ ಮತ್ತೆ ಕೆರೆಗಿಳಿಯಬೇಕು ಅಂತ ತಯಾರಿ ನಡೆದಿತ್ತು. 14ನೇ ತಾರೀಕು ಸವರ್ಣರು ಕೋರ್ಟಿನಿಂದ ತಡೆಯಾಜ್ಞೆ ತಂದರು. ಅಲ್ಲಿನ ಭಾಷಣದಲ್ಲಿ ಬಾಬಾಸಾಹೇಬರು ಆ ಸಮ್ಮೇಳನವನ್ನ 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಕಾನೂನು ಅಂದ್ರೆ ಸಾಮಾನ್ಯ ಇಚ್ಛೆಯ ಅಭಿವ್ಯಕ್ತಿ ಅಂತ ತನ್ನ ಘೋಷಣೆಯಲ್ಲಿ ಬರೆದ ಸಭೆ ಅದು. 25ರಂದು ಮನುಸ್ಮೃತಿ ಸುಟ್ಟರು. ಆದ್ರೆ ನೀರಿಗಿಳಿಯೋಕೆ ಸಿದ್ಧವಾಗಿದ್ದ ಜನರನ್ನ ಅವರೇ ತಡೆದರು. ಮೆರವಣಿಗೆ ಕೆರೆ ಸುತ್ತಿತು, ನೀರು ಮುಟ್ಟಲಿಲ್ಲ. ಸವರ್ಣರನ್ನೂ ಸರ್ಕಾರವನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳೋದು ಬೇಡ, ಕೋರ್ಟಲ್ಲೇ ಹೋರಾಡೋಣ ಅನ್ನೋದು ಅವರ ಲೆಕ್ಕ. ಆ ಕೇಸು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ಆಯ್ತು. ಹತ್ತು ವರ್ಷ!

ಅವರು ಮನುಸ್ಮೃತಿ ಸುಟ್ಟರು, ತಡೆಯಾಜ್ಞೆ ಪಾಲಿಸಿದರು. ಮನುಸ್ಮೃತಿ ಬರೆಯುವಾಗ ನಾವು ಯಾರೂ ಅಲ್ಲಿರಲಿಲ್ಲ, ಅದನ್ನ ಬದಲಿಸೋ ದಾರಿಯೂ ಇರಲಿಲ್ಲ. ಕೋರ್ಟಲ್ಲಿ ನಮ್ಮ ವಾದ ಇಡೋಕೆ ಜಾಗ ಇತ್ತು. ಆದ್ರೆ ಆ ಹತ್ತು ವರ್ಷದ ಪಾಲನೆಗೆ ಯಾರೂ ಸ್ವಾತಂತ್ರ್ಯ ಅಂತ ಹೆಸರಿಡಬೇಡಿ. ಅದು ತಾಳ್ಮೆ, ಅದು ತಂತ್ರ. ಸ್ವಾತಂತ್ರ್ಯ ಬೇಕಾಗಿದ್ದದ್ದು ಕೆರೆಯಲ್ಲಿ.

ಹಾಗಾಗಿ ನನ್ನ ಮಾತಿಷ್ಟೇ. ಯಾರಾದರೂ “ಕಾನೂನು ನಾವೇ ಮಾಡಿದ್ದು” ಅಂದ್ರೆ ತಕ್ಷಣ ಚಪ್ಪಾಳೆ ಬೇಡ. ಮೊದಲು ಎರಡು ಪ್ರಶ್ನೆ ಕೇಳಿ. ಕೈ ಎತ್ತಿದವರಲ್ಲಿ ನಾವಿದ್ದೆವಾ? ಅದರ ಭಾರ ಅವರ ತಲೆ ಮೇಲೂ ಬೀಳುತ್ತಾ? ಎರಡಕ್ಕೂ ಹೌದು ಅನ್ನೋ ಉತ್ತರ ಬಂದ ದಿನ ನಾನು ತಲೆಬಾಗ್ತೀನಿ, ಆಗ ಅದು ಸ್ವಾತಂತ್ರ್ಯವೇ. ಅಲ್ಲಿವರೆಗೂ ಪಾಲಿಸೋದು ಪಾಲಿಸ್ತೀನಿ, ಪ್ರಶ್ನೆ ಬಿಡಲ್ಲ.

ಜೈ ಭೀಮ್.