ಬಾಡಿಗೆ ಕಮ್ಮಿ, ಸರಿ. ಕಮಿಷನ್ನು?

"ಕಮ್ಮಿ ಬಾಡಿಗೆ, ಕೈತುಂಬ ಲಾಭ" ಅಂತ ಕ್ಲೌಡ್ ಕಿಚನ್ ಬಗ್ಗೆ ಭಾಷಣ ಬಿಗಿಯೋರನ್ನ ಕಂಡ್ರೆ ನನಗೀಗ ಮೈ ಉರಿಯುತ್ತೆ. ನನ್ನ ಗೆಳೆಯನೊಬ್ಬ ಇಂಥದ್ದೇ ವಿಡಿಯೋ ನೋಡಿ ಕೆಲಸ ಬಿಟ್ಟ, ಪಿಎಫ್ ದುಡ್ಡು ತೆಗೆದ, ಬಿಟಿಎಂ ಲೇಔಟ್‌ನ ಒಳರಸ್ತೆಯಲ್ಲಿ 12,000 ರೂಪಾಯಿಗೆ ರೂಮು ಹಿಡಿದು ಬಿಸಿಬೇಳೆಬಾತ್ ಮಾರೋಕೆ ಕೂತ. ಎಂಟೇ ತಿಂಗಳಿಗೆ ಬಾಗಿಲು ಹಾಕಿದ. ರುಚಿ ಚೆನ್ನಾಗಿತ್ತು, ರೇಟಿಂಗೂ ಚೆನ್ನಾಗಿತ್ತು. ಕೈಕೊಟ್ಟಿದ್ದು ಲೆಕ್ಕ.

ಅವನ ಒಂದೇ ಒಂದು ಆರ್ಡರ್ ಬಿಡಿಸಿ ನೋಡೋಣ. ಬಾತು, ರಾಯಿತ, ಚಿಪ್ಸ್ ಸೇರಿ 200 ರೂಪಾಯಿ. ಆ್ಯಪ್‌ನಲ್ಲಿ ಮೇಲ್ಗಡೆ ಕಾಣಬೇಕಲ್ಲ, ಅದಕ್ಕೆ ಶೇ 20 ರಿಯಾಯಿತಿ, ಅದೂ ಇವನ ಜೇಬಿಂದಲೇ. ಉಳಿದದ್ದು 160. ಅದರ ಮೇಲೆ ಶೇ 25 ಕಮಿಷನ್ ಅಂದ್ರೆ 40 ರೂಪಾಯಿ, ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ 7 ರೂಪಾಯಿ 20 ಪೈಸೆ. ಜಾಹೀರಾತಿಗೆ 10, ಡಬ್ಬಿ, ಚಮಚ, ಕವರ್‌ಗೆ 12, ಸಾಮಾನು ಮತ್ತು ಗ್ಯಾಸಿಗೆ 60. ಕೊನೆಗೆ ಕೈಗೆ ಬಂದದ್ದು ಸುಮಾರು 31 ರೂಪಾಯಿ.

ದಿನಕ್ಕೆ 25 ಆರ್ಡರ್ ಅಂದ್ರೆ ತಿಂಗಳಿಗೆ 23,000 ಚಿಲ್ಲರೆ. ಬಾಡಿಗೆ 12,000, ಅಡುಗೆಯವನ ಸಂಬಳ 18,000. ಮುಗೀತು ಕಥೆ. ಅದೇ ತಿಂಗಳಲ್ಲಿ ಕಮಿಷನ್ನು, ಅದರ ತೆರಿಗೆ ಸೇರಿ ಹೋದದ್ದು 35,400! ಬಾಡಿಗೆಯ ಹತ್ತಿರಹತ್ತಿರ ಮೂರು ಪಟ್ಟು. ಕಟ್ಟಡದ ಓನರ್ ಆದ್ರೆ ನೀವು ಎಷ್ಟೇ ಮಾರಿದ್ರೂ ಅದೇ ಬಾಡಿಗೆ ಕೇಳ್ತಾನೆ. ಈ ಓನರ್ ಪ್ರತಿ ತಟ್ಟೆಯಲ್ಲೂ ಪಾಲು ಕೇಳ್ತಾನೆ.

"ಇನ್ನೂ ಜಾಸ್ತಿ ಮಾರಬೇಕಿತ್ತು" ಅಂತೀರಾ? ಮಾರೋಕೆ ಅಂತಾನೇ ಅವನು ರಿಯಾಯಿತಿಯನ್ನ ಶೇ 30ಕ್ಕೆ ಏರಿಸಿದ. ಆರ್ಡರ್ ಒಂದಕ್ಕೆ ಉಳೀತಿದ್ದ 31 ರೂಪಾಯಿ 17ಕ್ಕೆ ಇಳೀತು. ಮೊದಲಿನಷ್ಟೇ ದುಡ್ಡು ನೋಡೋಕೆ ಹೆಚ್ಚುಕಮ್ಮಿ ಎರಡರಷ್ಟು ಅಡುಗೆ ಮಾಡಬೇಕಾಯ್ತು.

ಅದೇ ಬೀದಿಯ ಆಂಟಿಯೊಬ್ಬರು ತಮ್ಮ ಮನೆ ಅಡುಗೆಮನೆಯಿಂದಲೇ 90 ರೂಪಾಯಿಗೆ ಮಧ್ಯಾಹ್ನದ ಊಟ ಕಳಿಸ್ತಾರೆ. ಸಾಮಾನು, ಗ್ಯಾಸಿಗೆ 45, ತಲುಪಿಸೋ ಹುಡುಗನಿಗೆ 12. ಸ್ಟೀಲ್ ಕ್ಯಾರಿಯರ್ ವಾಪಸ್ ಬರೋದ್ರಿಂದ ಡಬ್ಬಿ ಖರ್ಚಿಲ್ಲ. ಉಳಿಯೋದು 33! ಇವನು 200ರ ಬಾತಿನಲ್ಲಿ ಕಂಡದ್ದಕ್ಕಿಂತ ಎರಡು ರೂಪಾಯಿ ಜಾಸ್ತಿ. ತಿಂಗಳ ದುಡ್ಡು ಮುಂಗಡವಾಗಿ ಬರುತ್ತೆ. ನಾಳೆ ಎಷ್ಟು ಅಕ್ಕಿ ಹಾಕಬೇಕು ಅನ್ನೋದು ರಾತ್ರಿಯೇ ಗೊತ್ತಿರೋದ್ರಿಂದ ಅನ್ನ ಚೆಲ್ಲೋ ಮಾತೇ ಇಲ್ಲ. ಹಾಗಂತ ಅವರೇನೂ ಕೋಟ್ಯಧೀಶೆ ಅಲ್ಲ. ಒಬ್ಬ ಹುಡುಗ ಊಟದ ಹೊತ್ತಿಗೆ ಮುಟ್ಟಿಸೋದು ನಲವತ್ತು ಮನೆ ಮಾತ್ರ. ಹಬ್ಬದ ರಜೆ ಬಂದ್ರೆ ಪಿಜಿ ಹುಡುಗ್ರು ಊರಿಗೆ ಹೋಗಿ ಅರ್ಧ ಕ್ಯಾರಿಯರ್ ಖಾಲಿ.

ಆದ್ರೂ ಯಾರಾದ್ರೂ ಕ್ಲೌಡ್ ಕಿಚನ್ ಐಡಿಯಾ ಹೇಳೋಕೆ ಬಂದ್ರೆ ಅವರ ಮಾರಾಟದ ಸ್ಕ್ರೀನ್‌ಶಾಟ್ ನೋಡಬೇಡಿ. ವಾರಕ್ಕೆ ಬ್ಯಾಂಕಿಗೆ ಬಿದ್ದ ದುಡ್ಡೆಷ್ಟು, ಆರ್ಡರ್ ಎಷ್ಟು ಅಂತ ಕೇಳಿ, ಭಾಗಿಸಿ. ಆ ಲೆಕ್ಕ ತೋರಿಸದೋರ ಮಾತು ಕೇಳಿ ರಾಜೀನಾಮೆ ಬರೀಬೇಡಿ.