ಲಾಸ್ಟ್ ಮೆಸೇಜ್‌ಗೆ ಒಂದು ಕೆಲಸ ಇರ್ಬೇಕು

1/5
ಘೋಸ್ಟ್ ಆದವರಿಗೆ ರೀಲ್ಸ್‌ನಲ್ಲಿ ಎರಡೇ ಥರದ ಉಪದೇಶ ಸಿಗುತ್ತೆ. ಒಂದು: "ಸೆಲ್ಫ್ ರೆಸ್ಪೆಕ್ಟ್ ಇದ್ರೆ ಒಂದಕ್ಷರಾನೂ ಕಳಿಸ್ಬೇಡ." ಇನ್ನೊಂದು: "ಮನಸ್ಸಲ್ಲಿರೋದೆಲ್ಲ ಬರೆದು ಕಳಿಸು, ಕ್ಲೋಷರ್ ಸಿಗುತ್ತೆ." ನನ್ನ ಪ್ರಕಾರ ಎರಡೂ ತಪ್ಪು. ಲಾಸ್ಟ್ ಮೆಸೇಜ್ ಮರ್ಯಾದೆ ಪ್ರಶ್ನೆ ಅಲ್ಲ, ನೋವಿಗೆ ಔಷಧೀನೂ ಅಲ್ಲ. ಅದಕ್ಕೊಂದು ಕೆಲಸ ಇದ್ರೆ ಕಳಿಸ್ಬೇಕು, ಇಲ್ಲದಿದ್ರೆ ಬೇಡ. ಅಷ್ಟೇ.

2/5
"ಬರೀ ಹತ್ತು ದಿನ ಚಾಟ್ ಮಾಡಿದ್ದಕ್ಕೆ ಇಷ್ಟೊಂದು ನೋವಾ?" ಅಂತ ನಗೋರಿಗೆ ಒಂದು ವಿಷಯ. ಕಿಪ್ಲಿಂಗ್ ವಿಲಿಯಮ್ಸ್ ಅನ್ನೋ ಮನಶ್ಶಾಸ್ತ್ರಜ್ಞ ಕಂಪ್ಯೂಟರ್‌ನಲ್ಲಿ ಒಂದು ಚೆಂಡಾಟ ಮಾಡಿಸಿದ್ರು. ಸ್ವಲ್ಪ ಹೊತ್ತು ನಿಮಗೂ ಚೆಂಡು ಬರುತ್ತೆ, ಆಮೇಲೆ ಬರೋದೇ ಇಲ್ಲ. ಉಳಿದಿಬ್ಬರೇ ಆಡ್ಕೊಳ್ತಾರೆ. ಮುಖಾನೇ ನೋಡದ ಅಪರಿಚಿತರು ಹೀಗೆ ಬಿಟ್ಟರೂ ಜನಕ್ಕೆ ನೋವಾಯ್ತು. 2004ರಲ್ಲಿ ಅವರ ತಂಡ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಎದುರಿಗೆ ಆಡ್ತಿರೋದು ಮನುಷ್ಯರಲ್ಲ, ಕಂಪ್ಯೂಟರ್ ಅಂತ ಮೊದಲೇ ಹೇಳಿದ್ರೂ ಜನ ನೊಂದ್ಕೊಂಡ್ರು.

ಅಂದ್ರೆ ನಿಮ್ಮ ನೋವು ನಿಜ. ಆದ್ರೆ ನೋವು ದೊಡ್ಡದು ಅಂದ ಮಾತ್ರಕ್ಕೆ ಸಂಬಂಧಾನೂ ದೊಡ್ಡದಾಗಿತ್ತು ಅಂತ ಅಲ್ಲ. ಈ ಎರಡನ್ನ ಒಂದೇ ಅಂದ್ಕೊಂಡಾಗ್ಲೇ ರಾತ್ರಿ ಒಂದು ಗಂಟೆಗೆ ಉದ್ದದ ಪ್ಯಾರಾ ಟೈಪ್ ಆಗೋದು.

3/5
ದಾಬಸ್‌ಪೇಟೆಯ ಒಬ್ಬ ಗೆಳತಿಯ ಕಥೆ, ಅವಳ ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ. ಹನ್ನೊಂದು ದಿನ ಚೆನ್ನಾಗಿ ಮಾತು. ಭಾನುವಾರ ಬೆಳಗ್ಗೆ ಶಿವಗಂಗೆ ಬೆಟ್ಟ ಹತ್ತೋಣ ಅಂತ ಅವನೇ ಹೇಳಿದ್ದ. ಗುರುವಾರದಿಂದ ಮೌನ. ಮೆಸೇಜ್ ಸೀನ್ ಆಗಿದೆ, ದಿನಾ ಸ್ಟೋರಿ ಹಾಕ್ತಿದ್ದಾನೆ, ಇವಳ ಸ್ಟೋರಿನೂ ನೋಡ್ತಿದ್ದಾನೆ. ಅಂದ್ರೆ ನೆಟ್‌ವರ್ಕ್ ತೊಂದರೆ ಅಲ್ಲ, ಆಸ್ಪತ್ರೇಲೂ ಇಲ್ಲ.

ಶನಿವಾರ ಅವಳು ಬರೆದ ಡ್ರಾಫ್ಟ್ ಹೀಗಿತ್ತು: "ಏನಾಯ್ತು? ನಾನೇನಾದ್ರೂ ತಪ್ಪು ಮಾತಾಡಿದ್ನಾ? ಬ್ಯುಸಿ ಇದ್ರೆ ಪರ್ವಾಗಿಲ್ಲ, ಒಂದೇ ಒಂದು ಸಲ ರಿಪ್ಲೈ ಮಾಡ್ತೀಯಾ?"

ಮೂರು ಪ್ರಶ್ನೆ. ಪ್ರಶ್ನೆ ಕೇಳಿದ್ಮೇಲೆ ಅದು ಲಾಸ್ಟ್ ಮೆಸೇಜ್ ಆಗಲ್ಲ, ಹೊಸ ಕಾಯುವಿಕೆ ಶುರುವಾಗುತ್ತೆ. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಕೆಲವರು ನೀರು ಸಿಗಲಿಲ್ಲ ಅಂತ ಭುಜದ ತನಕ ಕೈ ಇಳಿಸಿ ಕೂತೇ ಬಿಡ್ತಾರಲ್ಲ, ಹಿಂದಿನವರು ಬೈಯೋ ತನಕ, ಹಾಗೆ. "ಸಾರಿ, ಸ್ವಲ್ಪ ಬ್ಯುಸಿ" ಅಂತ ಅವನು ಮೂರು ದಿನ ಬಿಟ್ಟು ಕಳಿಸಿದ್ರೂ ಅವಳಿಗೆ ಉತ್ತರ ಸಿಕ್ಕ ಹಾಗಲ್ಲ. ಲೆಕ್ಕ ಮತ್ತೆ ಮೊದಲಿಂದ.

4/5
ಆದ್ರೆ ಅವಳ ಹತ್ರ ಒಂದು ನಿಜವಾದ ಕೆಲಸ ಬಾಕಿ ಇತ್ತು: ಭಾನುವಾರದ ಪ್ಲಾನ್. ಬೆಳಗ್ಗೆ ಬಸ್ ಸ್ಟ್ಯಾಂಡ್‌ಗೆ ಹೋಗ್ಬೇಕೋ ಬೇಡ್ವೋ ಅಂತ ತೀರ್ಮಾನ ಆಗ್ಬೇಕಿತ್ತು. ಅದನ್ನ ಅವಳೇ ಮಾಡಿದ್ಲು:

"ಉತ್ತರ ಬರಲಿಲ್ಲ, ಹಾಗಾಗಿ ಭಾನುವಾರದ ಶಿವಗಂಗೆ ಪ್ಲಾನ್ ನಾನು ಕ್ಯಾನ್ಸಲ್ ಮಾಡ್ತಿದ್ದೀನಿ. ಮಾತಾಡಿದ್ದು ಚೆನ್ನಾಗಿತ್ತು. ಇಲ್ಲಿಗೆ ನಿಲ್ಲಿಸ್ತೀನಿ. ಒಳ್ಳೇದಾಗ್ಲಿ."

ಪ್ರಶ್ನೆ ಇಲ್ಲ, ಬೈಗುಳ ಇಲ್ಲ. ಉತ್ತರ ಬಂದ್ರೂ ಬರದಿದ್ರೂ ಮೆಸೇಜ್‌ನ ಕೆಲಸ ಮುಗೀತು. ಅವನಿಗೆ ನಿಜಕ್ಕೂ ಕಷ್ಟ ಏನಾದ್ರೂ ಇದ್ರೆ ಹೇಳ್ಕೊಳ್ಳೋಕೆ ದಾರಿ ಮುಚ್ಚಿಲ್ಲ. ಕಳಿಸಿದ ಮೇಲೆ ಚಾಟ್ ಮ್ಯೂಟ್ ಮಾಡಿದ್ಲು. ಅವನು ಸ್ಟೋರಿ ನೋಡೋದನ್ನೇ ಸಿಗ್ನಲ್ ಅಂದ್ಕೊಳ್ಳೋದು ಬೇಡ ಅಂತ ಸ್ಟೋರಿನೂ ಹೈಡ್ ಮಾಡಿದ್ಲು. ಅವನು ಉತ್ತರ ಕೊಡಲೇ ಇಲ್ಲ. ಅವಳಿಗೆ ನೋವೂ ಒಂದೇ ದಿನಕ್ಕೆ ಹೋಗಲಿಲ್ಲ. ಆದ್ರೆ ಭಾನುವಾರ ಬೆಳಗ್ಗೆ ಫೋನ್ ಹಿಡ್ಕೊಂಡು ಕಾಯ್ಲಿಲ್ಲ.

5/5
ಹಾಗಾದ್ರೆ ಯಾವಾಗ ಬೇಡ? ಪ್ಲಾನ್ ಇಲ್ಲ, ವಾಪಸ್ ಕೊಡೋ ದುಡ್ಡೋ ಪುಸ್ತಕವೋ ಇಲ್ಲ, ಮಾತು ಮಾತ್ರ ಇತ್ತು ಅಂದ್ರೆ ಮುಗಿಸೋಕೆ ಏನೂ ಬಾಕಿ ಇಲ್ಲ. ಬರೀಬೇಕು ಅನ್ಸಿದ್ರೆ ನೋಟ್ಸ್‌ನಲ್ಲಿ ಬರೀರಿ, ಅಲ್ಲೇ ಇರ್ಲಿ.

ಬ್ಲಾಕ್ ಮಾಡಿದ್ರೆ, ಅಥವಾ ಬೇಡ ಅಂತ ಹೇಳಿದ್ರೆ, ಒಂದೂ ಬೇಡ. ಇನ್ನೊಂದು ಅಕೌಂಟ್‌ನಿಂದ, ಫ್ರೆಂಡ್ ಮೂಲಕ, ಕಾಲೇಜ್ ಗೇಟ್ ಹತ್ರ ನಿಂತು "ಬರೀ ಕಾರಣ ಕೇಳ್ತೀನಿ" ಅನ್ನೋದು ಪ್ರೀತಿ ಅಲ್ಲ. ಹುಡುಗರೇ, ಇದು ನಮಗೆ ಹೆಚ್ಚು ಅನ್ವಯ. ಇಷ್ಟ ಇಲ್ಲ ಅಂತ ಹುಡುಗಿ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸಿದ್ರೆ, ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅದು ಅಪರಾಧ.

ಇನ್ನು ಘೋಸ್ಟ್ ಮಾಡೋರಿಗೆ: ಹೆದರಿಸೋರಿಂದ, ಕಾಟ ಕೊಡೋರಿಂದ ಹೇಳದೇ ದೂರ ಹೋಗೋದು ಸರಿಯೇ. ಆದ್ರೆ ಭಾನುವಾರ ಸಿಗೋಣ ಅಂದವರು "ಬರಲ್ಲ" ಅಂತ ಒಂದು ಪದ ಟೈಪ್ ಮಾಡೋಕೆ ಎಷ್ಟು ಹೊತ್ತು ಬೇಕು?

#ದಾಬಸ್‌ಪೇಟೆ #ಶಿವಗಂಗೆ #ಸೀನ್‌ಮಾಡಿಬಿಟ್ಟೋರು