ಲಾರಿಯಲ್ಲಿ ಕೂತಿದ್ದ 48 ಬಾಕ್ಸ್

ಮಾರ್ಚ್ 31ರ ಸಂಜೆ ಆಡಿಟ್ ಕಡೆಯವರು ಗೋಡೌನಿಗೆ ಹೋಗೋದು ಎಣಿಸೋಕಲ್ಲ. ಎಣಿಸೋದು ಕಂಪನಿಯವರ ಕೆಲಸ. ಅವರು ಹೇಗೆ ಎಣಿಸ್ತಾರೆ ಅಂತ ನೋಡೋದು, ನಡುನಡುವೆ ನಾವೂ ಒಂದಷ್ಟು ಎಣಿಸಿ ತಾಳೆ ಹಾಕೋದು ನಮ್ಮ ಕೆಲಸ.

ನೆಲಮಂಗಲದ ಕಡೆ ಅಡುಗೆ ಎಣ್ಣೆಯ ಗೋಡೌನ್ ಒಂದಕ್ಕೆ ಹೋಗಿದ್ದೆ. ನಾನು ಮೊದಲು ನೋಡಿದ್ದು ಎಣಿಸುವವರ ಕೈಲಿದ್ದ ಹಾಳೆ. ಅದರಲ್ಲಿ ಕಂಪ್ಯೂಟರಿನ ಸಂಖ್ಯೆ ಇರಬಾರದು. ಇದ್ದರೆ ರಾತ್ರಿ ಎಂಟರ ಹೊತ್ತಿಗೆ ಯಾರೂ ಎಣಿಸಲ್ಲ, ನೋಡಿ ಬರೀತಾರೆ ಅಷ್ಟೆ. ಇಲ್ಲಿ ಖಾಲಿ ಹಾಳೆಯೇ ಇತ್ತು. ಹಾಳೆಯಿಂದ ಕೆಲವು ಸಾಲು ಆರಿಸಿ ಅಟ್ಟಿಯ ಹತ್ತಿರ ಹೋಗಿ ಎಣಿಸಿದೆ. ಆಮೇಲೆ ಉಲ್ಟಾ, ಕಣ್ಣಿಗೆ ಬಿದ್ದ ಅಟ್ಟಿ ಎಣಿಸಿ ಅದು ಹಾಳೆಯಲ್ಲಿ ಇದೆಯಾ ನೋಡಿದೆ. ಎಣಿಸದೇ ಬಿಟ್ಟ ಮಾಲು ಸಿಗೋದು ಈ ಎರಡನೇ ದಾರಿಯಲ್ಲೇ.

ಹೊರಗೆ ಅಂಗಳದಲ್ಲಿ ತಾಡಪಾಲು ಹೊದಿಸಿದ ಲಾರಿಯೊಂದು ನಿಂತಿತ್ತು. ಕೇಳಿದರೆ ಸೂಪರ್‌ವೈಸರ್, "ಅದು ಮಾರಾಟ ಆಗಿಹೋಯ್ತು ಮೇಡಂ, ಲೆಕ್ಕಕ್ಕೆ ಬೇಡ" ಅಂದರು. ಲಾರಿ ನಂಬರು, ಲೋಡಿಂಗ್ ಸ್ಲಿಪ್ಪು, ಆ ದಿನದ ಕೊನೆಯ ಇನ್‌ವಾಯ್ಸ್ ನಂಬರು ಮೂರನ್ನೂ ಬರೆದುಕೊಂಡೆ.

ಎರಡು ದಿನದ ಮೇಲೆ ವ್ಯತ್ಯಾಸದ ಪಟ್ಟಿ ಬಂತು. ಸೂರ್ಯಕಾಂತಿ ಎಣ್ಣೆ ಪುಸ್ತಕದಲ್ಲಿ 1,240 ಬಾಕ್ಸ್, ಎಣಿಕೆಯಲ್ಲಿ 1,180. ಬಾಕ್ಸಿಗೆ 1,400 ರೂಪಾಯಿಯಂತೆ 84,000 ಕೊರತೆ. ಅಕೌಂಟ್ಸ್‌ನವರು ಆಗಲೇ 60 ಬಾಕ್ಸನ್ನೂ ನಷ್ಟಕ್ಕೆ ಹಾಕೋಕೆ ರೆಡಿ ಇದ್ದರು.

ಸ್ಲಿಪ್ ತೆಗೆದು ನೋಡಿದರೆ ಆ ಲಾರಿಯಲ್ಲಿದ್ದದ್ದು 48 ಬಾಕ್ಸ್. ಇನ್‌ವಾಯ್ಸ್ ಆಗಿದ್ದು ಏಪ್ರಿಲ್ 1ಕ್ಕೆ, ನಾನು ಬರೆದುಕೊಂಡಿದ್ದ ಕೊನೆಯ ನಂಬರಿನ ಮುಂದಿನದೇ. ಗೇಟ್ ರಿಜಿಸ್ಟರಿನಲ್ಲೂ ಲಾರಿ ಹೊರಟಿದ್ದು ಅವತ್ತು ಬೆಳಗ್ಗೆ. ಅಂದರೆ 31ರ ರಾತ್ರಿ ಆ ಮಾಲು ಕಂಪನಿಯದೇ. ತಪ್ಪಿದ್ದು ಎಣಿಕೆ, ಪುಸ್ತಕ ಅಲ್ಲ. ಅದನ್ನೂ ನಷ್ಟಕ್ಕೆ ಹಾಕಿದ್ದರೆ ಮಾರ್ಚ್ ಲಾಭ 67,200 ಕಮ್ಮಿ ಕಾಣುತ್ತಿತ್ತು. ಏಪ್ರಿಲ್ ಇನ್‌ವಾಯ್ಸ್ ಅದೇ 48 ಬಾಕ್ಸನ್ನು ಇನ್ನೊಂದು ಸಲ ಕಳೆದು, ಮುಂದಿನ ಎಣಿಕೆಯಲ್ಲಿ ಅಷ್ಟೇ ಮಾಲು "ಹೆಚ್ಚಾಗಿ" ಸಿಗುತ್ತಿತ್ತು. ಆಗ ಎಲ್ಲಿಂದ ಬಂತು ಅಂತ ಹುಡುಕೋರು ಯಾರು?

ಉಳಿದಿದ್ದು 12. "ಲೀಕ್ ಆಗಿ ಬಿಸಾಕಿದ್ವಿ" ಅಂತ ಉತ್ತರ ಬಂತು. ಡ್ಯಾಮೇಜ್ ಪುಸ್ತಕದಲ್ಲಿ ಫೆಬ್ರವರಿಯ 7 ಬಾಕ್ಸ್ ಸಹಿ ಸಮೇತ ಇತ್ತು, ಕಂಪ್ಯೂಟರಿಗೆ ಮಾತ್ರ ಹತ್ತಿರಲಿಲ್ಲ. ಇನ್ನು 5ಕ್ಕೆ ಚೀಟಿ ಇಲ್ಲ, ಅಟ್ಟಿಗಳನ್ನು ಮತ್ತೆ ಎಣಿಸಿದರೂ ಸಿಗಲಿಲ್ಲ.

ಹನ್ನೆರಡನ್ನೂ ಪುಸ್ತಕದಿಂದ ತೆಗೆಸಿದ್ದಾಯ್ತು, ಜೊತೆಗೆ ಅದರ ಮೇಲೆ ಪಡೆದಿದ್ದ ಜಿಎಸ್‌ಟಿ ಕ್ರೆಡಿಟ್ಟನ್ನೂ ವಾಪಸ್ ಮಾಡಿಸಿದ್ದಾಯ್ತು. ಆದರೆ ಐದನ್ನು ಡ್ಯಾಮೇಜ್ ಜೊತೆ ಸೇರಿಸೋಕೆ ನಾನು ಒಪ್ಪಲಿಲ್ಲ. "ಐದೇ ಬಾಕ್ಸ್ ತಾನೇ ಮೇಡಂ" ಅಂದರು. 7,000 ರೂಪಾಯಿ ದೊಡ್ಡದಲ್ಲ, ನಿಜ. ಕಾರಣ ತಿಳಿಯದ ಕೊರತೆ ಅಂತ ಬೇರೆ ಸಾಲಿನಲ್ಲೇ ಬರೆಸಿದೆ.